ಮಗಳ ಕನ್ನಡ ಕ್ಲಾಸು: ಆನ್‌ಲೈನಾ, ಊರಿನದಾ?

ನಾವಿರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಮಗಳಿಗೆ ಎಂಟು ವರ್ಷ. ಕಳೆದ ಒಂದು ವರ್ಷದಲ್ಲಿ ಅವಳನ್ನು ಎರಡು ಕಡೆ ಕನ್ನಡ ಕ್ಲಾಸಿಗೆ ಸೇರಿಸಿದೆ. ಮೊದಲನೆಯದು ಭಾರತದಿಂದ ನಡೆಯುವ ಆನ್‌ಲೈನ್ ಕ್ಲಾಸು, ಎರಡನೆಯದು ನಮ್ಮೂರಿನ ಅಪ್ಪ ಅಮ್ಮಂದಿರೇ ಭಾನುವಾರ ನಡೆಸುವ ಕ್ಲಾಸು. ನನಗೆ ಹಿಡಿಸಿದ್ದು ಎರಡನೆಯದು. ಹೊಸ ದಾಖಲಾತಿ ಶುರುವಾಗಿದೆ, ಫಾರ್ಮ್ ತುಂಬುವ ಮುಂಚೆ ಇದನ್ನು ಓದಿಬಿಡಿ.

ಆನ್‌ಲೈನ್ ಕ್ಲಾಸಿನ ಟೀಚರ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ, ಅಷ್ಟು ಚೆನ್ನಾಗಿ ಕಲಿಸುತ್ತಿದ್ದರು. ತೊಂದರೆ ಬಂದದ್ದು ಗಡಿಯಾರದಿಂದ. ಆಗಸ್ಟ್‌ನಲ್ಲಿ ಸೇರಿಸಿದಾಗ ಫಾರ್ಮ್‌ನಲ್ಲಿ ಇದ್ದದ್ದು ‘ಶನಿವಾರ ಬೆಳಗ್ಗೆ 9, ಐವತ್ತು ನಿಮಿಷ’ ಅಂತ. ನಿಜವಾಗಿ ಅವರು ಇಟ್ಟುಕೊಂಡಿದ್ದು ಭಾರತದ ಸಂಜೆ 6:30. ಬೇಸಿಗೆಯಲ್ಲಿ ಎರಡೂ ಒಂದೇ. ಆದರೆ ಭಾರತದಲ್ಲಿ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ, ಇಲ್ಲಿ ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅದೇ ಸಂಜೆ 6:30 ಅಂದರೆ ನಮಗೆ ಬೆಳಗ್ಗೆ 8.

2025ರ ನವೆಂಬರ್ 1, ರಾಜ್ಯೋತ್ಸವ, ಶನಿವಾರವೇ ಬಂದಿತ್ತು. ಮಗಳು ಕೆಂಪು ಹಳದಿ ಶಾಲು ಹಾಕಿಕೊಂಡು 9ಕ್ಕೆ ಕೂತಳು. ಕ್ಲಾಸು ಚೆನ್ನಾಗಿ ಆಯಿತು. ಲಂಡನ್ನಿನಿಂದ ಬರುತ್ತಿದ್ದ ಹುಡುಗಿ ಮಾತ್ರ ಅವತ್ತು ಇರಲಿಲ್ಲ. ಮರುವಾರ ಸರಿಯಾಗಿ 9ಕ್ಕೆ ಲಿಂಕ್ ಒತ್ತಿದರೆ ಯಾರೂ ಇಲ್ಲ, ಕ್ಲಾಸು ಮುಗಿದು ಹತ್ತು ನಿಮಿಷ ಆಗಿತ್ತು. ಲಂಡನ್ ಹುಡುಗಿ ಯಾಕೆ ತಪ್ಪಿಸಿಕೊಂಡಿದ್ದಳು ಅಂತ ಆಗ ಗೊತ್ತಾಯಿತು. ಬ್ರಿಟನ್ನಿನಲ್ಲಿ ಗಡಿಯಾರ ಬದಲಾಗುವುದು ಅಕ್ಟೋಬರ್‌ನ ಕೊನೆಯ ಭಾನುವಾರ, ನಮಗಿಂತ ಒಂದು ವಾರ ಮುಂಚೆ. ಮಾರ್ಚ್‌ನಲ್ಲಿ ಅಮೆರಿಕ ಮೊದಲು ಬದಲಾಗುತ್ತದೆ, ಬ್ರಿಟನ್ ಎರಡು ಮೂರು ವಾರ ಆದ ಮೇಲೆ.

ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೆ. ಆದರೆ ನನ್ನ ಕೈಯಾರೆ, ಇಲ್ಲಿಯ 9 ಗಂಟೆಗೆ. ಅದನ್ನೇ Asia/Kolkata ಸಮಯವಲಯ ಆರಿಸಿ 6:30 ಅಂತ ಹಾಕಿದ್ದರೆ ನವೆಂಬರ್‌ನಲ್ಲಿ ತಾನಾಗಿಯೇ 8ಕ್ಕೆ ಸರಿಯುತ್ತಿತ್ತು. ಆನ್‌ಲೈನ್ ಕ್ಲಾಸಿಗೆ ಸೇರಿಸುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಿ. ಸಮಯ ಯಾವ ಊರಿನ ಗಡಿಯಾರದ್ದು, ಚಳಿಗಾಲದಲ್ಲಿ ಎಷ್ಟು ಗಂಟೆಗೆ ಅಂತ ಕೇಳಿಯೇ ಹಣ ಕಟ್ಟಿ. ಅಷ್ಟು ಮಾಡಿದರೂ ನಮಗೆ 8 ಗಂಟೆ ಒಗ್ಗಲಿಲ್ಲ. ವಾರವೆಲ್ಲ ಬೇಗ ಏಳುವ ಮಗು, ಶನಿವಾರ ಕಣ್ಣುಜ್ಜಿಕೊಂಡು ಕೂತು ಏನು ಕಲಿತೀತು? ರೆಕಾರ್ಡಿಂಗ್ ಕಳಿಸುತ್ತಿದ್ದರು, ಒಂದನ್ನೂ ಪೂರ್ತಿ ನೋಡಲಿಲ್ಲ.

ಇನ್ನೊಂದು, ವಯಸ್ಸಿನ ಗುಂಪು. ಆನ್‌ಲೈನ್‌ನಲ್ಲಿ ಹುಟ್ಟಿದ ದಿನಾಂಕ ನೋಡಿ ಅವಳನ್ನು 8ರಿಂದ 10ರ ಗುಂಪಿಗೆ ಹಾಕಿದರು. ಅಲ್ಲಿ ಆಗಲೇ ಒತ್ತಕ್ಷರ ನಡೆಯುತ್ತಿತ್ತು. ಇವಳು ಮನೆಯಲ್ಲಿ ಪಟಪಟ ಮಾತಾಡುತ್ತಾಳೆ, ಆದರೆ ಬಿಡಿ ಅಕ್ಷರ ಬಿಟ್ಟು ಮುಂದೆ ಹೋಗಿರಲಿಲ್ಲ. ‘ಅಕ್ಕ’ ಅಂತ ಬರೆದಿದ್ದನ್ನು ‘ಅಕಕ’ ಅಂತ ಓದಿ, ಇದ್ಯಾವ ಪದ ಅಂತ ನನ್ನ ಮುಖ ನೋಡಿದಳು. ದಿನಕ್ಕೆ ಹತ್ತು ಸಲ ಅಕ್ಕಾ ಅಂತ ಕೂಗುವ ಹುಡುಗಿ!

ಊರಿನ ಕ್ಲಾಸಿಗೆ ಜನವರಿಯಲ್ಲಿ ಸೇರಿಸಿದೆವು. ಅಲ್ಲಿಯೂ ವಯಸ್ಸಿನ ಗುಂಪುಗಳಿವೆ: 4–6, 7–9, ಹತ್ತರ ಮೇಲೆ. ಆದರೆ ಮೊದಲ ದಿನ ಟೀಚರ್ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರು. ಆಮೇಲೆ ‘ಮರ’, ‘ಮಾವ’, ‘ಅಮ್ಮ’ ಮೂರು ಪದ ಬರೆದು ಓದಿಸಿದರು. ಬಿಡಿ ಅಕ್ಷರ, ಕಾಗುಣಿತ, ಒತ್ತಕ್ಷರ, ಮೂರೂ ಅದರಲ್ಲೇ ಗೊತ್ತಾಗುತ್ತದೆ ನೋಡಿ. ಇವಳು ‘ಮಾವ’ದಲ್ಲೇ ತಡವರಿಸಿದಳು. ಮಾತಿಗೆ 7–9ರ ಗುಂಪು, ಕೊನೆಯ ಅರ್ಧ ಗಂಟೆ ಓದು ಬರಹಕ್ಕೆ ಕಾಗುಣಿತ ಕಲಿಯುವವರ ಜೊತೆ ಅಂತ ತೀರ್ಮಾನ ಮಾಡಿದರು. ಮಾರ್ಚ್ ಹೊತ್ತಿಗೆ ಫ್ರಿಜ್ ಮೇಲೆ ‘ಅಕ್ಕ ಹಾಲು ತಾ’ ಅಂತ ಚೀಟಿ ಅಂಟಿಸಿದ್ದಳು, ಕ ಒತ್ತು ಸರಿಯಾಗಿತ್ತು.

ಸಮಯ ಭಾನುವಾರ 10ರಿಂದ 11:30, ಗಡಿಯಾರ ಬದಲಾದರೂ ಅದೇ. ಕಾರಲ್ಲಿ ಇಪ್ಪತ್ತೈದು ನಿಮಿಷ. ಹಿಮ ಬಿದ್ದ ದಿನ ಮಾತ್ರ ಜೂಮ್ ಲಿಂಕ್ ಕಳಿಸುತ್ತಾರೆ. ಫೀಸು ಆನ್‌ಲೈನ್‌ನ ಅರ್ಧಕ್ಕಿಂತ ಕಡಿಮೆ.

ಕೊರತೆ ಇಲ್ಲವೆಂದಲ್ಲ. ಶಾಲೆಗೆ ರಜೆ ಇದ್ದಾಗ ಇದಕ್ಕೂ ರಜೆ, ಬೇಸಿಗೆಯಲ್ಲಿ ಪೂರ್ತಿ ಬಂದ್. ಕಲಿಸುವವರು ಕೆಲಸದ ಮೇಲೆ ಬೇರೆ ಊರಿಗೆ ಹೋದರೆ ಇನ್ನೊಬ್ಬರು ಬರುತ್ತಾರೆ, ಪಾಠ ಎಲ್ಲಿಗೆ ನಿಂತಿತ್ತು ಅಂತ ಮಕ್ಕಳೇ ಹೇಳಬೇಕು. ಸುತ್ತಮುತ್ತ ಕನ್ನಡದವರೇ ಇಲ್ಲದ ಊರಲ್ಲಿದ್ದಿದ್ದರೆ ನಾನೂ ಆನ್‌ಲೈನ್‌ನಲ್ಲೇ ಮುಂದುವರಿಸುತ್ತಿದ್ದೆ, ಆದರೆ ಸಮಯ ನಮ್ಮ ಗಡಿಯಾರಕ್ಕೆ ಹೊಂದಿಸಿದ, ಸೇರಿಸುವ ಮುಂಚೆ ಮಗುವನ್ನು ಓದಿಸಿ ನೋಡುವ ಕಡೆ. ಭಾನುವಾರ ಬೆಳಗ್ಗೆ ನಮಗೆ ಬೇರೆ ಕೆಲಸವಿಲ್ಲ. ಸೆಪ್ಟೆಂಬರ್‌ಗೂ ಊರಿನ ಕ್ಲಾಸಿಗೇ ಹೆಸರು ಬರೆಸಿದ್ದೇನೆ.