ಒಸೆಲ್ಟಾಮಿವಿರ್: ಮೊದಲ ದಿನ ಕೊಡೋದೋ, ನಾಲ್ಕನೇ ದಿನವೋ?

ಸಿಂಧನೂರಿನ ಕಡೆಯ 18 ಕೆಜಿ ತೂಕದ, ಐದು ವರ್ಷದ ಹುಡುಗನಿಗೆ ಸೋಮವಾರ ಸಂಜೆ ಫ್ಲೂ ಜ್ವರ ಬಂತು ಅಂದುಕೊಳ್ಳಿ. ಬುಧವಾರ ಸಂಜೆಯೊಳಗೆ, ಅಂದರೆ 48 ಗಂಟೆಯಲ್ಲಿ ಫ್ಲೂ ವೈರಸ್‌ಗೆ ಕೊಡುವ ಔಷಧಿ ಒಸೆಲ್ಟಾಮಿವಿರ್ ಶುರುವಾದರೆ ಕಾಯಿಲೆ ಸುಮಾರು ಒಂದು ದಿನ ಕಡಿಮೆಯಾದೀತು. ಲಾಭ ಅಷ್ಟೇ. ವೈರಸ್ ಹೆಚ್ಚುವುದನ್ನು ಇದು ತಡೆಯುತ್ತದೆ. ಶುಕ್ರವಾರದ ಹೊತ್ತಿಗೆ ಆ ಹೆಚ್ಚಳ ಬಹುಮಟ್ಟಿಗೆ ಮುಗಿದಿರುತ್ತದೆ. ಆಗ ಆರೋಗ್ಯವಂತ ಮಗುವಿಗೆ ವಾಂತಿಯಷ್ಟೇ ಗಿಟ್ಟೀತು. ಆದರೆ ಎರಡು ವರ್ಷದೊಳಗಿನ ಮಗು, ಗರ್ಭಿಣಿ, ಆಸ್ತಮಾ ಇದ್ದವರು, ಆಸ್ಪತ್ರೆಗೆ ಸೇರುವಷ್ಟು ಉಸಿರಾಟದ ತೊಂದರೆ ಇದ್ದವರಿಗೆ ತಡವಾದರೂ ವೈದ್ಯರು ಕೊಡುತ್ತಾರೆ.

ಡೋಸ್ ತೂಕದ ಮೇಲೆ. ಒಂದು ವರ್ಷ ದಾಟಿದ ಮಕ್ಕಳಲ್ಲಿ 15 ಕೆಜಿವರೆಗೆ 30 ಮಿಗ್ರಾಂ, 23ರವರೆಗೆ 45, 40ರವರೆಗೆ 60, ಅದಕ್ಕೂ ಹೆಚ್ಚಿದ್ದರೆ 75. ದಿನಕ್ಕೆ ಎರಡು ಸಲ, ಐದು ದಿನ. ಈ ಹುಡುಗನಿಗೆ 45. ಎಡವುವುದು ಸಿರಪ್‌ನಲ್ಲಿ: ಮಿಲಿಗೆ 12 ಮಿಗ್ರಾಂ ಇರುವ ಬಾಟಲಿಯಾದರೆ 3.75 ಮಿಲಿ, 6 ಮಿಗ್ರಾಂನದ್ದಾದರೆ 7.5 ಮಿಲಿ. ಲೇಬಲ್ ಓದಿ, ಸಿರಿಂಜ್‌ನಲ್ಲೇ ಅಳೆಯಿರಿ, ಚಮಚ ಬೇಡ.

ವಾಕರಿಕೆ ಮೊದಲೆರಡು ದಿನವೇ ಹೆಚ್ಚು. ಖಾಲಿ ಹೊಟ್ಟೆಗಿಂತ ಅನ್ನ ತಿಂದ ಮೇಲೆ ಕೊಟ್ಟರೆ ಕಡಿಮೆ. ಸಿರಪ್ ಸಿಗದಿದ್ದರೆ 45ರ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಬೆಲ್ಲದ ಪಾಕದಲ್ಲಿ ಕಲಸಿ ಪೂರ್ತಿ ತಿನ್ನಿಸಿ; ಪುಡಿ ಬಲು ಕಹಿ.