ಇಳಕಲ್ ಸೆರಗಿನ ಮೇಲೆ ನಾಲ್ಕು ಕೋಡೆಕ್: ನಡುವಿನ ಫೈಲ್ ಯಾವುದರಲ್ಲಿ ಇಡಬೇಕು?

ಬಾಗಲಕೋಟೆ ಕಡೆ ಹಳೆಯ ಮದುವೆ ಕ್ಯಾಸೆಟ್‌ಗಳಿಗೆ ಕೊರತೆಯಿಲ್ಲ. 90ರ ದಶಕದ ವಿಎಚ್‌ಎಸ್, ಹ್ಯಾಲೊಜನ್ ಲೈಟಿನ ಹೊಡೆತ, ಸುಣ್ಣ ಬಳಿದ ಗೋಡೆ, ಮುಂದೆ ಇಳಕಲ್ ಸೀರೆ ಉಟ್ಟ ಹೆಂಗಸರ ಸಾಲು. ಇಂಥ ಟೇಪ್ ಸರಿಮಾಡುವ ಕೆಲಸ ನನ್ನ ಹತ್ತಿರ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಕ್ಯಾಪ್ಚರ್. ಆಮೇಲೆ ಕ್ಯುಟಿಜಿಎಂಸಿಯಲ್ಲಿ ಡಿಇಂಟರ್‌ಲೇಸ್ ಮಾಡಿ, ಸಾಲು ಬಿಟ್ಟು ಸಾಲು ಹಿಡಿದ ಅರ್ಧ ಚಿತ್ರಗಳು, ಅಂದರೆ ಫೀಲ್ಡ್, ಸೆಕೆಂಡಿಗೆ 50 ಇದ್ದದ್ದನ್ನು 50 ಪೂರ್ತಿ ಫ್ರೇಮ್ ಮಾಡುವುದು. ಕೊನೆಗೆ ರಿಸಾಲ್ವ್‌ನಲ್ಲಿ ನಾಯ್ಸ್ ಮತ್ತು ಬಣ್ಣ. ಒಂದೊಂದು ಹಂತಕ್ಕೆ ಒಂದೊಂದು ಸಾಫ್ಟ್‌ವೇರ್. ಹಾಗಾಗಿ ನಡುವೆ ಒಂದು ಫೈಲ್ ಬರೆಯಲೇಬೇಕು. ಆ ಫೈಲ್ ಯಾವ ಕೋಡೆಕ್‌ನಲ್ಲಿ, ಅಂದರೆ ವಿಡಿಯೊವನ್ನು ಒತ್ತಿ ಫೈಲಿಗೆ ತುಂಬುವ ಯಾವ ವಿಧಾನದಲ್ಲಿ, ಇರಬೇಕು ಅನ್ನೋದೇ ಇಲ್ಲಿನ ಪ್ರಶ್ನೆ.

ಒಂದೇ ಟೇಪಿನ ಒಂದೇ ತುಣುಕನ್ನು ನಾಲ್ಕು ದಾರಿಯಲ್ಲಿ ಕಳಿಸಿ ನೋಡಿದೆ. ನೋಡಿದ್ದು ಎರಡೇ ಜಾಗ: ಕೆಂಪು ಸೆರಗಿನ ಮೇಲಿನ ಬಿಳಿ ತೆನೆ, ಮತ್ತು ಲೈಟು ಬಿದ್ದ ಸುಣ್ಣದ ಗೋಡೆ. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಮೊದಲೇ ಕಡಿಮೆ, ಅದರಲ್ಲೂ ಕೆಂಪು ಅಂಚು ದಾಟಿ ಹರಿಯುತ್ತದೆ. ಕೋಡೆಕ್ ಏನಾದರೂ ತಿಂದರೆ ಮೊದಲು ಗೊತ್ತಾಗೋದು ಅಲ್ಲೇ.

ಹೆಚ್.264. ಎಲ್ಲರ ಹತ್ತಿರ ಇರುವುದು ಇದೇ. ಗುಣಮಟ್ಟದ ಅಂಕೆ ಸಿಆರ್‌ಎಫ್ ಅನ್ನು 16 ಇಟ್ಟರೆ ಒಂದು ಸಲಕ್ಕೆ ಕಣ್ಣಿಗೆ ಏನೂ ಕಾಣಿಸಲ್ಲ. ತೊಂದರೆ ಕಾಣೋದು ಮುಂದಿನ ಹಂತದಲ್ಲಿ. ಈ ಕೋಡೆಕ್ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸಣ್ಣ ವಿವರವನ್ನು ಸವರಿ ಹಾಕುತ್ತದೆ. ಟೇಪಿನ ನಾಯ್ಸ್ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿರಬೇಕು, ಆದರೆ ಹೆಚ್.264 ಅದನ್ನು ಒಂದಷ್ಟು ಫ್ರೇಮ್ ಹಾಗೇ ಹಿಡಿದಿಟ್ಟು, ಪೂರ್ತಿ ಹೊಸದಾಗಿ ಬರೆದ ಕೀಫ್ರೇಮ್ ಬಂದಾಗ ಒಮ್ಮೆಲೇ ಬದಲಿಸುತ್ತದೆ. ನಾಯ್ಸ್ ತೆಗೆಯುವ ಫಿಲ್ಟರ್ ಕೆಲಸ ಮಾಡೋದು ಅಕ್ಕಪಕ್ಕದ ಫ್ರೇಮ್ ಹೋಲಿಸಿ. ಅಲುಗಾಡದ ನಾಯ್ಸನ್ನು ಅದು ನಿಜವಾದ ವಿವರ ಅಂತಲೇ ಉಳಿಸಿಕೊಳ್ಳುತ್ತದೆ. ಅದರ ಮೇಲೆ ಶಾರ್ಪ್ ಮಾಡಿದರೆ ಚೌಕದ ಅಂಚುಗಳೂ ಎದ್ದು ಬರುತ್ತವೆ. ಮೂರನೇ ಹಂತದ ಹೊತ್ತಿಗೆ ಸೆರಗಿನ ತೆನೆ ಕೆಂಪಿನಲ್ಲಿ ಕರಗಿತ್ತು, ಗೋಡೆ ಮೇಲೆ ಉಸಿರಾಡಿದಂಥ ಮಿಡಿತ ಇತ್ತು. ಟೇಪ್ ಕೊಟ್ಟ ಕಾಕಾ ಕೋಡೆಕ್ ಗೀಡೆಕ್ ಏನೂ ಕೇಳಲಿಲ್ಲ. "ಅವ್ವನ ಮುಖದಾಗಿನ ಸುಕ್ಕು ಎಲ್ಲಿ ಹೋದ್ವು ತಮ್ಮಾ?" ಅಂದರು ಅಷ್ಟೇ.

ಯುಟಿ ವಿಡಿಯೊ. ಇದು ಪೂರ್ತಿ ಲಾಸ್‌ಲೆಸ್, ಅಂದರೆ ಒಳಗೆ ಹೋದ ಚಿತ್ರ ಏನೂ ಕಳೆಯದೆ ಹಾಗೇ ಹೊರಗೆ ಬರುತ್ತದೆ, ಓಟವೂ ಜೋರು. ಹಳೆಯ ಕಂಪ್ಯೂಟರ್‌ನಲ್ಲೂ ಕ್ಯಾಪ್ಚರ್ ಮಾಡುವಾಗ ಫ್ರೇಮ್ ಬಿಡಲಿಲ್ಲ. ತೆನೆ ಮೂರೂ ಹಂತದಲ್ಲಿ ಗಟ್ಟಿಯಾಗಿ ನಿಂತಿತು. ಆದರೆ ಗೋಡೆ ನೋಡಿದರೆ ಬೆಳಕು ಮಾಸುವ ಕಡೆ ಪಟ್ಟಿ ಪಟ್ಟಿಯಾಗಿ ಗೆರೆ ಬಿದ್ದಿತ್ತು. ಲಾಸ್‌ಲೆಸ್ ಅಂದಮೇಲೆ ಇದು ಎಲ್ಲಿಂದ ಬಂತು?

ಕೋಡೆಕ್‌ನಿಂದಲ್ಲ. ವಿಡಿಯೊ ಫೈಲ್ ಬದಲಿಸುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂನಲ್ಲಿ ಯುಟಿ ವಿಡಿಯೊ ಬರೆಯೋದು 8 ಬಿಟ್ ಮಾತ್ರ, ಅಂದರೆ ಹೊಳಪಿಗೆ 256 ಮೆಟ್ಟಿಲು. ನಾಯ್ಸ್ ತೆಗೆದಾಗ ಫಿಲ್ಟರ್ ಹಲವು ಫ್ರೇಮಿನ ಸರಾಸರಿ ತೆಗೆಯುತ್ತದೆ, ಉತ್ತರ 118.4, 118.7 ಅಂತ ಬರುತ್ತದೆ. 8 ಬಿಟ್ ಫೈಲಿಗೆ ಬರೆಯುವಾಗ ಅದು 118 ಅಥವಾ 119 ಆಗಲೇಬೇಕು. ಕೋಡೆಕ್ ಆ 118ನ್ನು ಪ್ರಾಮಾಣಿಕವಾಗಿ ಕಾಪಾಡುತ್ತದೆ, ಆದರೆ ದಶಮಾಂಶ ಅದಕ್ಕೂ ಮೊದಲೇ ಹೋಗಿರುತ್ತದೆ. ಮುಂದಿನ ಹಂತದಲ್ಲಿ ಕತ್ತಲೆ ಭಾಗವನ್ನು ಎತ್ತಿದಾಗ ಮೆಟ್ಟಿಲುಗಳ ನಡುವಿನ ಅಂತರ ಹಿಗ್ಗಿ ಗೆರೆಯಾಗಿ ಕಾಣುತ್ತದೆ. ಮೊದಲು ಈ ಗೆರೆಯನ್ನು ನಾಯ್ಸೇ ಮುಚ್ಚಿಟ್ಟಿತ್ತು, ಅದನ್ನು ನಾವೇ ತೆಗೆದೆವಲ್ವಾ.

ಎಫ್‌ಎಫ್‌ವಿ1. ಇದೂ ಲಾಸ್‌ಲೆಸ್, ಜೊತೆಗೆ 10 ಬಿಟ್, 16 ಬಿಟ್ ಎಲ್ಲಾ ಹಿಡಿಯುತ್ತದೆ. 2021ರಲ್ಲಿ ಆರ್‌ಎಫ್‌ಸಿ 9043 ಅಂತ ಇದರ ವಿವರಣೆ ಪ್ರಕಟವಾಗಿದೆ, ಹಾಗಾಗಿ ಮುಂದೆ ತೆರೆಯುವವರೇ ಇಲ್ಲ ಅನ್ನೋ ಭಯ ಕಡಿಮೆ. ಕ್ಯಾಪ್ಚರ್ ಫೈಲನ್ನು ಹೀಗೆ ಬದಲಿಸಿದೆ:

```
ffmpeg -i capture.avi -c:v ffv1 -level 3 -g 1 \
  -slices 16 -slicecrc 1 -pix_fmt yuv422p -c:a copy step1.mkv
```

`-slicecrc 1` ನನಗೆ ಬಹಳ ಹಿಡಿಸಿದ್ದು. ಪ್ರತಿ ಫ್ರೇಮಿನ ಪ್ರತಿ ತುಂಡಿಗೂ ಒಂದು ಲೆಕ್ಕ ಬರೆದಿಡುತ್ತದೆ. ಡಿಸ್ಕ್ ಕೆಟ್ಟು ಒಂದು ತುಂಡು ಹಾಳಾದರೆ ಫೈಲ್ ಓಡಿಸುವಾಗಲೇ ದೂರು ಬರುತ್ತದೆ. ಗಾತ್ರವೂ ಯುಟಿ ವಿಡಿಯೊಗಿಂತ ಕಡಿಮೆ ಬಂತು. ಬೆಲೆ ಅಂದರೆ ವೇಗ. ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆದಾಡೋದು ಕಷ್ಟ, ನನ್ನ ಹತ್ತಿರದ ರಿಸಾಲ್ವ್ ಅಂತೂ ತೆರೆಯಲೇ ಇಲ್ಲ.

ಲಾಸ್‌ಲೆಸ್ ಅನ್ನೋ ಹೆಸರನ್ನು ಸುಮ್ನೆ ನಂಬಬೇಡಿ, ಒಮ್ಮೆ ಪರೀಕ್ಷೆ ಮಾಡಿ. ಎರಡೂ ಫೈಲಿನ ಮೇಲೆ ಇದನ್ನು ಓಡಿಸಿದರೆ ಚಿತ್ರದ ಬೆರಳಚ್ಚಿನಂಥ ಎಂಡಿ5 ಸಂಖ್ಯೆ ಒಂದೇ ಬರಬೇಕು:

```
ffmpeg -i capture.avi -map 0:v -pix_fmt yuv422p -f md5 -
ffmpeg -i step1.mkv -map 0:v -pix_fmt yuv422p -f md5 -
```

ಬೇರೆ ಬೇರೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಪಿಕ್ಸೆಲ್ ಫಾರ್ಮ್ಯಾಟ್ ಮೇಲೆ. ನಡುವೆ ಯಾವುದೋ ಪ್ರೋಗ್ರಾಂ ಹೇಳದೇ ಕೇಳದೇ `yuv420p` ಮಾಡಿರುತ್ತದೆ. ಆಗ ಬಣ್ಣದ ಸಾಲುಗಳಲ್ಲಿ ಅರ್ಧ ಹೋದಂತೆ. ಇಂಟರ್‌ಲೇಸ್ ಫೈಲಿನಲ್ಲಿ ಅದು ಇನ್ನೂ ಕೆಟ್ಟದ್ದು, ಎರಡು ಫೀಲ್ಡಿನ ಕೆಂಪು ಒಂದರೊಳಗೊಂದು ಬೆರೆತು ಸೆರಗಿನ ಅಂಚು ಬಾಚಣಿಗೆ ಹಲ್ಲಿನಂತಾಗುತ್ತದೆ.

ಪ್ರೊರೆಸ್ 422 ಹೆಚ್‌ಕ್ಯು. ಇದು ಲಾಸ್‌ಲೆಸ್ ಅಲ್ಲ, ಹತ್ತಿರ ಹತ್ತಿರ. ಆದರೆ 10 ಬಿಟ್, ಮತ್ತು ಪ್ರತಿ ಫ್ರೇಮ್ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ, ಹಾಗಾಗಿ ಹೆಚ್.264ನ ಮಿಡಿತ ಇಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ `-c:v prores_ks -profile:v 3` ಕೊಟ್ಟರೆ ವಿಂಡೋಸ್‌ನಲ್ಲೂ ಆಗುತ್ತದೆ. ಏನು ಕಳೆಯಿತು ಅಂತ ನೋಡಲು ಒಳಗೆ ಹೋದ ಚಿತ್ರದಿಂದ ಹೊರಬಂದ ಚಿತ್ರ ಕಳೆದು, ಉಳಿದದ್ದನ್ನು ಹಿಗ್ಗಿಸಿ ನೋಡಿದೆ. ಹೆಚ್.264ನಲ್ಲಿ ಉಳಿದ ಚಿತ್ರದಲ್ಲಿ ಮುಖದ ಗೆರೆ, ತೆನೆಯ ಆಕಾರ ಗುರುತು ಸಿಗುವಷ್ಟು ಕಾಣುತ್ತಿತ್ತು, ಅಂದರೆ ವಿವರವೇ ಹೋಗಿದೆ. ಪ್ರೊರೆಸ್‌ನಲ್ಲಿ ಬರೀ ಮರಳು ಚೆಲ್ಲಿದಂಥ ನಾಯ್ಸ್, ಗಟ್ಟಿ ಅಂಚಿನ ಕಡೆ ಮಾತ್ರ ಸ್ವಲ್ಪ ದಟ್ಟ. ಗೋಡೆಯ ಮೇಲೆ ಗೆರೆ ಬರಲಿಲ್ಲ. ನಾಯ್ಸ್ ತೆಗೆದ ಮೇಲಿನ ಹಂತದಲ್ಲಿ 8 ಬಿಟ್ ಲಾಸ್‌ಲೆಸ್‌ಗಿಂತ ಈ ನಷ್ಟದ ಕೋಡೆಕ್ಕೇ ಚೆನ್ನಾಗಿ ಬಂತು. ಕೇಳೋಕೆ ವಿಚಿತ್ರ, ಆದರೆ ಗೋಡೆ ನೋಡಿದರೆ ಅನುಮಾನ ಉಳಿಯಲ್ಲ.

ಜಾಗದ ಲೆಕ್ಕ ಹೇಳಿಬಿಡುತ್ತೇನೆ. 720×576, ಸೆಕೆಂಡಿಗೆ 25 ಫ್ರೇಮ್, 8 ಬಿಟ್, ಬಣ್ಣದ ವಿವರ ಅಡ್ಡಕ್ಕೆ ಅರ್ಧ ಇರುವ 4:2:2 ಅಂದರೆ ಕಂಪ್ರೆಸ್ ಮಾಡದೇ ಗಂಟೆಗೆ ಸುಮಾರು 75 ಜಿಬಿ. ಲಾಸ್‌ಲೆಸ್ ಅದನ್ನು ಅರ್ಧ ಅಥವಾ ಅದಕ್ಕೂ ಕಡಿಮೆ ಮಾಡುತ್ತದೆ. ಎಷ್ಟು ಅನ್ನೋದು ನಾಯ್ಸ್ ಮೇಲೆ ನಿಂತಿದೆ. ಡಿಇಂಟರ್‌ಲೇಸ್ ಆದ ಮೇಲೆ ಫ್ರೇಮ್ ಎರಡು ಪಟ್ಟು, 10 ಬಿಟ್ ಬೇರೆ, ಹಾಗಾಗಿ ನಡುವಿನ ಫೈಲ್ ಕ್ಯಾಪ್ಚರ್‌ಗಿಂತ ದೊಡ್ಡದೇ ಆಗುತ್ತದೆ. ಮೂರು ಗಂಟೆಯ ಮದುವೆಗೆ ಅರ್ಧ ಟಿಬಿ ಖಾಲಿ ಇಟ್ಟುಕೊಂಡೇ ಕೂರಬೇಕು.

ಈಗ ನಾನು ಮಾಡೋದು ಹೀಗೆ. ಕ್ಯಾಪ್ಚರ್ ಮಾಡುವಾಗ ಯುಟಿ ವಿಡಿಯೊ, ಮುಗಿದ ತಕ್ಷಣ ಎಫ್‌ಎಫ್‌ವಿ1ಗೆ ಬದಲಿಸಿ ಎಂಡಿ5 ನೋಡಿ, ಆ ಮೇಲೆ ಯುಟಿ ಫೈಲ್ ಅಳಿಸುತ್ತೇನೆ. ಕ್ಯಾಪ್ಚರ್ ಆಗಿ ಬಂದದ್ದು 8 ಬಿಟ್ ಆದ್ದರಿಂದ ಇಲ್ಲಿಗೆ 8 ಬಿಟ್ ಸಾಕು. ಕ್ಯುಟಿಜಿಎಂಸಿಯಿಂದ ಹೊರಗೆ ಬರೋದು 10 ಬಿಟ್, ರಿಸಾಲ್ವ್‌ಗೆ ಹೋಗಬೇಕಾದ್ದರಿಂದ ಪ್ರೊರೆಸ್ ಹೆಚ್‌ಕ್ಯು. ನಷ್ಟ ಇರುವ ಕೋಡೆಕ್ ಇಡೀ ಸರಪಳಿಯಲ್ಲಿ ಎರಡೇ ಸಲ ಬರುತ್ತದೆ, ಇಲ್ಲೊಮ್ಮೆ ಮತ್ತು ಮನೆಯವರಿಗೆ ಕೊಡುವ ಹೆಚ್.264 ಫೈಲಿನಲ್ಲೊಮ್ಮೆ. ಎರಡು ಫಿಲ್ಟರ್ ಒಂದೇ ಸ್ಕ್ರಿಪ್ಟ್‌ನಲ್ಲಿ ಕೂತರೆ ನಡುವೆ ಫೈಲ್ ಬರೆಯೋದೇ ಇಲ್ಲ, ಸ್ಕ್ರಿಪ್ಟಿನ ಚಿತ್ರವನ್ನು ಹೊರಗೆ ಹರಿಸುವ `vspipe`ನಿಂದ ನೇರ ಎಫ್‌ಎಫ್‌ಎಂಪೆಗ್‌ಗೆ ಹರಿಸುತ್ತೇನೆ. ಆದರೆ ಕ್ಯುಟಿಜಿಎಂಸಿಯಂಥ ನಿಧಾನದ ಕೆಲಸವನ್ನು ಹಾಗೆ ಹರಿಸಲ್ಲ. ಬೇಸಿಗೆಯಲ್ಲಿ ಕರೆಂಟು ಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕೆಲಸ ಒಪ್ಪಿಸಿದ ಮೇಲೆ ಪ್ರೊರೆಸ್ ಫೈಲ್ ಅಳಿಸಿಬಿಡಬಹುದು. ಎಫ್‌ಎಫ್‌ವಿ1 ಮತ್ತು ಸ್ಕ್ರಿಪ್ಟ್ ಇದ್ದರೆ ಅದನ್ನು ಮತ್ತೆ ಹುಟ್ಟಿಸಬಹುದು.