ಕಿಲ್ ಸ್ವಿಚ್ ಎಲ್ಲಿರಬೇಕು: ಬಳಸಿ ನೋಡಿದ ಮೂರು ವ್ಯವಸ್ಥೆಗಳ ಹೋಲಿಕೆ

ಬ್ರೋಕರ್ ಕೊಡುವ ಎಪಿಐ ಮೂಲಕ ತಾನಾಗಿಯೇ ಷೇರು ಕೊಂಡು ಮಾರುವ ಸಣ್ಣ ಪ್ರೋಗ್ರಾಂ ಬರೆದವರು, ಅದನ್ನು ತುರ್ತಾಗಿ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಲೇಬೇಕಾಗುತ್ತದೆ. ಮೂರು ಬಗೆಗಳನ್ನು ನಾನು ಬಳಸಿ ನೋಡಿದ್ದೇನೆ. ಮೊದಲನೆಯದರಲ್ಲಿ ಸ್ವಿಚ್ ಮನೆಯ ಲ್ಯಾಪ್‌ಟಾಪಿನಲ್ಲಿ ಓಡುವ ಅದೇ ಪ್ರೋಗ್ರಾಂನ ಒಳಗಿತ್ತು. ಎರಡನೆಯದರಲ್ಲಿ ಎಲ್ಲವನ್ನೂ ಬಾಡಿಗೆ ಸರ್ವರ್‌ಗೆ ಸಾಗಿಸಿ, ಕಾವಲಿಗೆಂದೇ ಬೇರೊಂದು ಪುಟ್ಟ ಪ್ರೋಗ್ರಾಂ ಇಟ್ಟೆ. ಮೂರನೆಯದು ಬ್ರೋಕರ್ ತನ್ನ ಆ್ಯಪ್‌ನಲ್ಲೇ ಕೊಡುವ ಸ್ವಿಚ್. ಎರಡನೆಯದೇ ನನ್ನ ಆಯ್ಕೆ. ಮಾರುಕಟ್ಟೆ ತೆರೆದಿರುವ 9.15ರಿಂದ 3.30ರ ಹೊತ್ತಿನಲ್ಲಿ ನಾನು ಶಿರಸಿಯ ಸಮೀಪದ ನಮ್ಮ ಅಡಿಕೆ ತೋಟದಲ್ಲಿರುತ್ತೇನೆ, ಅಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಹಾಗಾಗಿ ಯಾರಾದರೂ ಒತ್ತಿದರೆ ಮಾತ್ರ ಕೆಲಸ ಮಾಡುವ ಸ್ವಿಚ್ ನನಗೆ ಸಾಲದು.

ಪ್ರೋಗ್ರಾಂ ಸರಳವಾದದ್ದು. ಒಂದೇ ಕಂಪನಿಯ ಷೇರು, ಅದೇ ದಿನ ಕೊಂಡು ಅದೇ ದಿನ ಮಾರುವ ವಹಿವಾಟು, ಒಮ್ಮೆಗೆ ಹೆಚ್ಚೆಂದರೆ 100 ಷೇರು, ಪ್ರತಿ ಖರೀದಿಯ ಜೊತೆಗೆ ಬೆಲೆ ಗೊತ್ತುಪಡಿಸಿದ ಮಟ್ಟಕ್ಕೆ ಇಳಿದರೆ ತಾನಾಗಿಯೇ ಮಾರುವ ಒಂದು ಸ್ಟಾಪ್‌ಲಾಸ್ ಆರ್ಡರ್, ದಿನದ ನಷ್ಟ 600 ರೂಪಾಯಿ ಮುಟ್ಟಿದರೆ ಎಲ್ಲವೂ ಬಂದ್.

ಈ ಮಿತಿಯನ್ನು ಪ್ರೋಗ್ರಾಂನ ಒಳಗೇ ಇಟ್ಟಾಗ ಬರುವ ತೊಂದರೆಯು ಹೊರನೋಟಕ್ಕೆ ಕಾಣುವುದಿಲ್ಲ. ವೆಬ್‌ಸಾಕೆಟ್ ಮೂಲಕ ಬರುವ ಬೆಲೆಯ ಹರಿವು ಕೆಲವೊಮ್ಮೆ ಯಾವ ದೋಷವನ್ನೂ ತೋರಿಸದೆ ನಿಂತುಬಿಡುತ್ತದೆ. ಆಗ ಪ್ರೋಗ್ರಾಂ ಕೊನೆಗೆ ಕಂಡ ಬೆಲೆಯನ್ನೇ ಹಿಡಿದುಕೊಂಡು ನಷ್ಟವನ್ನು ಲೆಕ್ಕ ಹಾಕುತ್ತಿರುತ್ತದೆ. ಬೆಲೆ ಬದಲಾಗದಿದ್ದರೆ ನಷ್ಟವೂ ಬದಲಾಗುವುದಿಲ್ಲ, ಸ್ವಿಚ್ ಎಂದೂ ಬೀಳುವುದಿಲ್ಲ. ಕೊನೆಯ ಬೆಲೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ದಾಖಲಿಸಿ ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ.

ಇದರ ಮೇಲೆ ಐಪಿ ವಿಳಾಸದ ಪ್ರಶ್ನೆಯೂ ಇದೆ. ಸೆಬಿಯ 2025ರ ಫೆಬ್ರವರಿ 4ರ ಸುತ್ತೋಲೆಯ ಪ್ರಕಾರ, ಎಪಿಐ ಬಳಸುವವರು ಬ್ರೋಕರ್ ಬಳಿ ಮೊದಲೇ ನೋಂದಾಯಿಸಿದ ಸ್ಥಿರ ಐಪಿಯಿಂದಲೇ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದಾಗ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ಇಂಟರ್ನೆಟ್ ಬರುತ್ತದೆ, ಆದರೆ ಐಪಿ ಬದಲಾಗಿರುತ್ತದೆ. ಆಗ ಪ್ರೋಗ್ರಾಂ ಕಳಿಸುವ ಆರ್ಡರ್‌ಗಳು ತಿರಸ್ಕೃತವಾಗುತ್ತವೆ, ಇದ್ದ ಷೇರನ್ನು ಮಾರಲು ಕಿಲ್ ಸ್ವಿಚ್ ಕಳಿಸುವ ಆರ್ಡರ್ ಕೂಡ. ಈ ಒಂದೇ ಕಾರಣಕ್ಕೆ ನಾನು ಮನೆಯ ಲ್ಯಾಪ್‌ಟಾಪನ್ನು ಈ ಕೆಲಸದಿಂದ ಬಿಡಿಸಿದೆ.

ಬಾಡಿಗೆ ಸರ್ವರ್‌ಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಸಾಕು, ಸ್ಥಿರ ಐಪಿ ಅದರ ಜೊತೆಗೇ ಸಿಗುತ್ತದೆ. ಅಲ್ಲಿ ಮುಖ್ಯ ಪ್ರೋಗ್ರಾಂ ಹೊಸ ಬೆಲೆ ಬಂದಾಗಲೆಲ್ಲ ಒಂದು ಫೈಲಿನಲ್ಲಿ ಸಮಯವನ್ನು ಬರೆಯುತ್ತದೆ. ಕಾವಲು ಪ್ರೋಗ್ರಾಂ ಆ ಫೈಲನ್ನು ಓದುತ್ತದೆ. ಸಮಯ 30 ಸೆಕೆಂಡಿಗಿಂತ ಹಳೆಯದಾಗಿದ್ದರೆ, ಅಥವಾ ಬ್ರೋಕರ್ ಬಳಿ ತಾನೇ ಕೇಳಿ ಪಡೆದ ನಷ್ಟದ ಮೊತ್ತ ಮಿತಿ ಮುಟ್ಟಿದ್ದರೆ, ಎಲ್ಲವನ್ನೂ ಮುಚ್ಚುತ್ತದೆ. ದಿನವೂ ಬೆಳಿಗ್ಗೆ ಲಾಗಿನ್ ಆಗಿ ಪಡೆಯಬೇಕಾದ ಟೋಕನ್ನನ್ನು ಎರಡೂ ಪ್ರೋಗ್ರಾಂಗಳು ಒಂದೇ ಫೈಲಿನಿಂದ ಓದುತ್ತವೆ.

ಮುಚ್ಚುವ ಕ್ರಮವೇ ನನ್ನನ್ನು ಬಹಳ ಕಾಡಿತು. ಮೊದಲು ಕೈಯಲ್ಲಿರುವ ಷೇರು ಮಾರಿ, ಆಮೇಲೆ ಬಾಕಿ ಆರ್ಡರ್ ರದ್ದು ಮಾಡುವುದೇ ಸಹಜವೆಂದು ತೋರುತ್ತದೆ. ಆದರೆ ಹಾಗೆ ಮಾಡಿದರೆ ಏನಾಗುತ್ತದೆಂದು ನೋಡಿ. 412 ರೂಪಾಯಿಗೆ ಕೊಂಡ 100 ಷೇರುಗಳಿವೆ, 408ರಲ್ಲಿ ಸ್ಟಾಪ್‌ಲಾಸ್ ಕಾದಿದೆ, ಬೆಳಗಿನ ವಹಿವಾಟಿನಲ್ಲಿ ಆಗಲೇ 300 ರೂಪಾಯಿ ಹೋಗಿದೆ ಎಂದಿಟ್ಟುಕೊಳ್ಳಿ. ಬೆಲೆ 409ಕ್ಕೆ ಇಳಿದಾಗ ಒಟ್ಟು ನಷ್ಟ 600 ಮುಟ್ಟಿ ಸ್ವಿಚ್ ಬೀಳುತ್ತದೆ, 100 ಷೇರುಗಳು 408.80ಕ್ಕೆ ಮಾರಾಟವಾಗುತ್ತವೆ. ಸ್ಟಾಪ್‌ಲಾಸ್ ಇನ್ನೂ ರದ್ದಾಗಿಲ್ಲ. ಮರುಕ್ಷಣ ಬೆಲೆ 407.90 ಆದರೆ ಅದೂ ಜಾರಿಯಾಗಿ, ಇಲ್ಲದ 100 ಷೇರುಗಳನ್ನು ಮಾರಿದಂತಾಗುತ್ತದೆ. ಎಲ್ಲವೂ ಮುಗಿಯಿತೆಂದು ಕಾವಲು ಪ್ರೋಗ್ರಾಂ ಸುಮ್ಮನಾದ ಮೇಲೆ ಬೆಲೆ 413ಕ್ಕೆ ಏರಿದರೆ, ಯಾರ ಗಮನಕ್ಕೂ ಬಾರದ ಆ ಮಾರಾಟವೊಂದರಿಂದಲೇ 510 ರೂಪಾಯಿ ನಷ್ಟ.

ಆದ್ದರಿಂದ ಮೊದಲು ಮುಖ್ಯ ಪ್ರೋಗ್ರಾಂ ಹೊಸ ಆರ್ಡರ್ ಹಾಕದಂತೆ ತಡೆಯಬೇಕು, ನಂತರ ಬಾಕಿ ಆರ್ಡರ್‌ಗಳನ್ನು ರದ್ದು ಮಾಡಬೇಕು. ನಾನು ಬಳಸುವ `kiteconnect` ಲೈಬ್ರರಿಯಲ್ಲಿ ಆ ಭಾಗ ಇಷ್ಟೇ:

```python
for o in kite.orders():
    if o["status"] in ("OPEN", "TRIGGER PENDING"):
        try:
            kite.cancel_order(variety=o["variety"],
                              order_id=o["order_id"])
        except Exception as e:
            log(e)
```

ರದ್ದತಿಯ ಕೋರಿಕೆ ತಲುಪಿತು ಎಂದ ಮಾತ್ರಕ್ಕೆ ಆರ್ಡರ್ ರದ್ದಾಯಿತೆಂದು ಭಾವಿಸುವಂತಿಲ್ಲ. ಅದೇ ಕ್ಷಣದಲ್ಲಿ ಸ್ಟಾಪ್‌ಲಾಸ್ ಜಾರಿಯಾಗಿದ್ದರೆ ಕೋರಿಕೆ ದೋಷದೊಂದಿಗೆ ಮರಳುತ್ತದೆ, ಆಗ ಷೇರುಗಳು ಆಗಲೇ ಮಾರಾಟವಾಗಿರುತ್ತವೆ. ಹಾಗಾಗಿ `orders()` ಅನ್ನು ಮತ್ತೆ ಕೇಳಿ, ಯಾವ ಆರ್ಡರೂ ಬಾಕಿ ಇಲ್ಲವೆಂದು ಖಚಿತವಾದ ಮೇಲೆಯೇ `positions()` ಓದಿ, ಅಲ್ಲಿ `quantity` ಎಷ್ಟಿದೆಯೋ ಅಷ್ಟನ್ನು ಮಾತ್ರ ಮಾರಬೇಕು. ಮುಖ್ಯ ಪ್ರೋಗ್ರಾಂ ನೆನಪಿಟ್ಟುಕೊಂಡ ಸಂಖ್ಯೆಯನ್ನು ಇಲ್ಲಿ ನಂಬಲೇಬಾರದು. ಮಾರಾಟಕ್ಕೆ ಕಳಿಸಿದ ಆರ್ಡರ್‌ಗೆ ಉತ್ತರ ಬಾರದೆ ಸಮಯ ಮೀರಿದಾಗಲೂ ಇದೇ ನಿಯಮ: ಕುರುಡಾಗಿ ಮತ್ತೊಮ್ಮೆ ಕಳಿಸದೆ, ಮೊದಲು ಆರ್ಡರ್ ಪಟ್ಟಿಯನ್ನು ನೋಡಬೇಕು.

ಮುಖ್ಯ ಪ್ರೋಗ್ರಾಂ ನಿಲ್ಲಿಸುವುದರಲ್ಲಿಯೂ ಒಂದು ತೊಡಕಿದೆ. ಬಿದ್ದರೆ ತಾನೇ ಏಳಲೆಂದು ಸರ್ವರಿನಲ್ಲಿ `Restart=always` ಹಾಕಿರುತ್ತೇವೆ. `kill` ಮಾಡಿದರೆ ಅದು ಮತ್ತೆ ಎದ್ದು ಹೊಸ ಖರೀದಿಗೆ ಇಳಿಯುತ್ತದೆ. `systemctl stop` ಬಳಸಿದರೆ ಏಳುವುದಿಲ್ಲ. ಅದರ ಜೊತೆಗೆ ಕಾವಲು ಪ್ರೋಗ್ರಾಂ `STOP` ಎಂಬ ಫೈಲನ್ನು ಇಡುತ್ತದೆ. ಆ ಫೈಲ್ ಇರುವವರೆಗೆ ಮುಖ್ಯ ಪ್ರೋಗ್ರಾಂ ಯಾವ ಆರ್ಡರನ್ನೂ ಹಾಕದು. ಫೈಲನ್ನು ಅಳಿಸುವುದು ನಾನೇ, ಅದೂ ಸಂಜೆ ಮನೆಗೆ ಬಂದು ಲೆಕ್ಕ ನೋಡಿದ ಮೇಲೆ.

ಬ್ರೋಕರ್ ಕೊಡುವ ಸ್ವಿಚ್ ಉಚಿತ, ಮತ್ತು ನನ್ನ ಯಾವ ಪ್ರೋಗ್ರಾಂ ಕೂಡ ಅದನ್ನು ಮೀರಲಾರದು. ಆದರೆ ನನ್ನ ಬ್ರೋಕರ್ ಬಳಿ ಕೈಯಲ್ಲಿ ಷೇರು ಉಳಿದಿದ್ದರೆ ಅಥವಾ ಆರ್ಡರ್ ಬಾಕಿ ಇದ್ದರೆ ಅದು ಹಾಕಿಕೊಳ್ಳುವುದೇ ಇಲ್ಲ. ತುರ್ತಿನಲ್ಲಿ ಬೇಕಾದ ಮೊದಲ ಕೆಲಸವನ್ನು ಅದು ಮಾಡದ ಕಾರಣ, ಕಾವಲು ಪ್ರೋಗ್ರಾಂ ಎಲ್ಲವನ್ನೂ ಮುಚ್ಚಿದ ನಂತರ ಹಾಕುವ ಬೀಗವಾಗಿ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಷೇರು ದಿನದ ಕನಿಷ್ಠ ಬೆಲೆಮಿತಿಯಾದ ಲೋವರ್ ಸರ್ಕಿಟ್‌ನಲ್ಲಿ ಸಿಲುಕಿ, ಕೊಳ್ಳುವವರೇ ಇಲ್ಲದಾಗ ಮೂರರಲ್ಲಿ ಯಾವುದೂ ನೆರವಾಗದು. ಅಂಥ ಸಂದರ್ಭಕ್ಕೆ ಷೇರಿನ ಸಂಖ್ಯೆಯನ್ನೇ ಕಡಿಮೆ ಇಡಬೇಕು.

ದಿನವಿಡೀ ಪರದೆಯ ಮುಂದೆ ಕೂರುವವರಿಗೆ, ಮನೆಗೇ ಸ್ಥಿರ ಐಪಿ ಇದ್ದರೆ, ಮೊದಲ ವ್ಯವಸ್ಥೆಯೊಂದಿಗೆ ಬ್ರೋಕರ್ ಆ್ಯಪ್ ತೆರೆದ ಮೊಬೈಲ್ ಸಾಕಾಗಬಹುದು. ನನ್ನಂತೆ ಹೊರಗೆ ದುಡಿಯುವವರು ಕಾವಲು ಪ್ರೋಗ್ರಾಂ ಇಡುವುದಾದರೆ, ಅದನ್ನು ತಿದ್ದಿದಾಗಲೆಲ್ಲ ಮಾರುಕಟ್ಟೆ ತೆರೆದಿರುವಾಗಲೇ ಒಂದು ಷೇರಿನಿಂದ ಪರೀಕ್ಷಿಸಬೇಕು. ಬೆಲೆ 412 ಇರುವಾಗ 395ಕ್ಕೆ ಒಂದು ಷೇರಿನ ಖರೀದಿ ಆರ್ಡರ್ ಹಾಕಿ, ಸಮಯದ ಫೈಲ್ ಹಳೆಯದಾಗಲು ಬಿಡಿ. ಕಾವಲು ಪ್ರೋಗ್ರಾಂ ಎಚ್ಚೆತ್ತ ಮೇಲೆ ಬ್ರೋಕರ್‌ನ ಆರ್ಡರ್ ಪಟ್ಟಿಯಲ್ಲಿ ಅದರ ಮುಂದೆ `CANCELLED` ಎಂದು ಕಾಣಿಸಬೇಕು.